ಚಾಯ್ಸ್ 1, 2, 3, 4: ‘ಸಾಕು’ ಅನ್ನೋ ಗೆರೆ ಎಲ್ಲಿ ಎಳೀಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

 

ಇವತ್ತಿನ ವಿಷಯ ನಿರ್ಧಾರ. ದೊಡ್ಡ ನಿರ್ಧಾರ ಎದುರಿಗೆ ಬಂದಾಗ ಕೈಕಾಲು ಆಡದೆ ಕೂತುಬಿಡೋದು. ಯಾವ ಕೋರ್ಸ್, ಯಾವ ಊರು, ನೌಕರಿಗೆ ಹೋಗೋದೋ ಇನ್ನೊಂದು ವರ್ಷ ಓದೋದೋ. ಈ ಸಂಚಿಕೆಗೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀನಿ. ಅದಕ್ಕೆ ಕಾರಣ ಇದೆ. ಹುಮನಾಬಾದ್ ಅಂದ್ರೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಹಾದುಹೋಗೋ ಊರು. ಬೀದರ್‌ನಿಂದ ಕಲಬುರಗಿಗೆ ಹೋಗೋ ರಸ್ತೆನೂ ಅಲ್ಲೇ ಅಡ್ಡ ಬರ್ತದೆ. 2017ರಿಂದ ಬೀದರ್–ಕಲಬುರಗಿ ರೈಲೂ ಇದೆ. ಒಂದು ಕಡೆ ಹೈದರಾಬಾದ್, ಇನ್ನೊಂದು ಕಡೆ ಸೊಲ್ಲಾಪುರ, ಪುಣೆ, ಕೆಳಗೆ ಕಲಬುರಗಿ, ಒಂದು ರಾತ್ರಿ ಪೂರ್ತಿ ಪ್ರಯಾಣ ಮಾಡಿದ್ರೆ ಬೆಂಗಳೂರು. ಮನೆಯಲ್ಲಿ ಕನ್ನಡ, ಅಂಗಡೀಲಿ ಮರಾಠಿ, ಸ್ಟ್ಯಾಂಡಿನಲ್ಲಿ ಉರ್ದು. ನಾಲ್ಕು ದಿಕ್ಕಿಗೂ ದಾರಿ ಇರೋ ಊರಿನವರಿಗೆ ‘ಎಲ್ಲಿಗೆ ಹೋಗ್ಲಿ?’ ಅನ್ನೋ ಪ್ರಶ್ನೆ ಸ್ವಲ್ಪ ಜಾಸ್ತಿನೇ ಕಾಡ್ತದೆ.

ಬರೀ ‘ಧೈರ್ಯ ಮಾಡಿ, ಮನಸ್ಸಿನ ಮಾತು ಕೇಳಿ’ ಅಂತ ಹೇಳಿ ಎದ್ದು ಹೋಗೋಕೆ ನನಗೆ ಇಷ್ಟ ಇಲ್ಲ. ಹಾಗಾಗಿ ಒಂದೇ ಒಂದು ನಿರ್ಧಾರ ತಗೊಂಡು ಅದರ ಒಳಗೆ ಇಳಿಯೋಣ. ಸಿಇಟಿ ಕೌನ್ಸೆಲಿಂಗ್. ಪಿಯುಸಿ ಸೈನ್ಸ್ ಮುಗಿಸಿದವರು ಎಲ್ಲರೂ ಅನುಭವಿಸೋದು. ಅದರಲ್ಲಿ ಬರೋ ಚಾಯ್ಸ್ 1, ಚಾಯ್ಸ್ 2, ಚಾಯ್ಸ್ 3, ಚಾಯ್ಸ್ 4 ಇದೆಯಲ್ಲ, ನಿರ್ಧಾರ ಹೇಗೆ ತಗೋಬೇಕು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಪಾಠ ನನಗಂತೂ ಸಿಕ್ಕಿಲ್ಲ. ಸಿಇಟಿ ಬರೆಯದೇ ಇದ್ದೋರೂ ಕೇಳ್ರಿ, ಕೊನೆಗೆ ನಿಮ್ಮ ವಿಷಯಕ್ಕೂ ಬರ್ತೀನಿ.

ಮೊದಲು ಒಂದು ಹೆಸರು. ಹರ್ಬರ್ಟ್ ಸೈಮನ್. ಅಮೆರಿಕದವರು, 1978ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಬಂತು. 1956ರ ಒಂದು ಲೇಖನದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಮನುಷ್ಯರ ಹತ್ತಿರ ಎಲ್ಲಾ ಮಾಹಿತಿ ಇರಲ್ಲ, ಎಲ್ಲಾ ಲೆಕ್ಕ ಹಾಕೋ ಸಮಯನೂ ಇರಲ್ಲ. ಹಾಗಾಗಿ ‘ಎಲ್ಲಕ್ಕಿಂತ ಉತ್ತಮ’ ಯಾವುದು ಅಂತ ಹುಡುಕೋಕೆ ಹೋದ್ರೆ ಹುಡುಕಾಟನೇ ಮುಗಿಯಲ್ಲ. ನಿಜವಾಗಿ ಬದುಕೋ ಜೀವಿಗಳು ಮಾಡೋದು ಬೇರೆ. ಇಷ್ಟಿದ್ರೆ ಸಾಕು ಅಂತ ಒಂದು ಮಟ್ಟ ಇಟ್ಟುಕೊಂಡು, ಆ ಮಟ್ಟ ಮುಟ್ಟಿದ ಮೊದಲನೇದನ್ನು ಹಿಡಿದುಕೊಳ್ಳೋದು. ಇದಕ್ಕೆ ಅವರು ಸ್ಯಾಟಿಸ್‌ಫೈಸಿಂಗ್ ಅಂತ ಹೊಸ ಬಳಕೆ ಕೊಟ್ಟರು. ನಮಗೆ ಹೊಸ ಪದ ಬೇಕಾಗಿಲ್ಲ. ಕನ್ನಡದಲ್ಲಿ ‘ಸಾಕು’ ಅಂತ ಇದೆ. ಆ ಪದದ ಚಂದ ನೋಡ್ರಿ: ಬೇಕಾದಷ್ಟು ಇದೆ ಅನ್ನೋದಕ್ಕೂ ಸಾಕು, ಇನ್ನು ನಿಲ್ಲಿಸು ಅನ್ನೋದಕ್ಕೂ ಸಾಕು. ಊಟಕ್ಕೆ ಕೂತಾಗ ಎಲೆ ಮೇಲೆ ಕೈ ಅಡ್ಡ ಇಟ್ಟು ಹೇಳ್ತೀವಲ್ಲ, ಅದೇ.

ಸರಿ, ಈಗ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಹುಮನಾಬಾದಿನವಳು. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಸಿಇಟಿ ರ‍್ಯಾಂಕ್ ಬಂದಿದೆ. ತೀರಾ ಮುಂದಿನದೂ ಅಲ್ಲ, ತೀರಾ ಹಿಂದಿನದೂ ಅಲ್ಲ. ಇಂಥವರಿಗೇ ಕಷ್ಟ ಜಾಸ್ತಿ. ರ‍್ಯಾಂಕ್ ನೂರರ ಒಳಗೆ ಇದ್ರೆ ಯೋಚನೆ ಮಾಡೋದೇ ಬೇಡ, ತೀರಾ ಹಿಂದೆ ಇದ್ರೆ ಆಯ್ಕೆನೇ ಇರಲ್ಲ. ನಡುವಿನವರಿಗೆ ನೂರಾರು ಆಯ್ಕೆ.

ಆಪ್ಷನ್ ಎಂಟ್ರಿ ಶುರುವಾಯ್ತು. ಕಾಲೇಜು ಮತ್ತು ಬ್ರಾಂಚ್ ಸೇರಿಸಿ ಒಂದೊಂದು ಆಪ್ಷನ್, ಅದನ್ನು 1, 2, 3 ಅಂತ ಇಷ್ಟದ ಕ್ರಮದಲ್ಲಿ ಹಾಕಬೇಕು. ಇವಳು ಹತ್ತು ದಿನ ಯೂಟ್ಯೂಬ್ ನೋಡಿದಳು. ಒಬ್ಬರು ‘ಕಂಪ್ಯೂಟರ್ ಸೈನ್ಸ್ ಬಿಟ್ಟು ಏನೂ ತಗೋಬೇಡಿ’ ಅಂದ್ರು, ಇನ್ನೊಬ್ಬರು ‘ಕಂಪ್ಯೂಟರ್ ಸೈನ್ಸ್ ಮುಗೀತು, ಎಲೆಕ್ಟ್ರಾನಿಕ್ಸ್ ತಗೊಳ್ರಿ’ ಅಂದ್ರು. ಕಲಬುರಗಿಯ ಕಾಕಾ ‘ಪಿಡಿಎ ಹಳೇ ಕಾಲೇಜು, ನಮ್ಮ ಮನಿ ಇಲ್ಲೇ ಅದ, ಇಲ್ಲೇ ಕಳಸ್ರಿ’ ಅಂದ್ರು. ಬೆಂಗಳೂರಿನಲ್ಲಿ ಕೆಲಸ ಮಾಡೋ ಅಣ್ಣ ‘ಬೆಂಗಳೂರಿಗೆ ಬರದಿದ್ರ ಏನೂ ಉಪಯೋಗ ಇಲ್ಲ’ ಅಂದ. ಅವ್ವ ಬೀದರ್ ಸಾಕು ಅಂತಾಳೆ, ಗುರುನಾನಕ್ ದೇವ್ ಕಾಲೇಜಿಗೆ ದಿನಾ ಹೋಗಿ ಬರಬಹುದು. ಹತ್ತನೇ ದಿನ ಆದ್ರೂ ಲಿಸ್ಟ್ ಖಾಲಿ.

ಇಲ್ಲಿ ಏನಾಗ್ತಿದೆ ಅಂದ್ರೆ, ಅವಳು ಎರಡು ಬೇರೆ ಕೆಲಸಗಳನ್ನು ಒಂದೇ ಅಂದುಕೊಂಡಿದ್ದಾಳೆ. ಯಾವುದು ಯಾವುದಕ್ಕಿಂತ ಮೇಲೆ ಅನ್ನೋದು ಒಂದು ಪ್ರಶ್ನೆ. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಇನ್ನೊಂದು. ಎಲ್ಲರೂ ಮೊದಲನೇ ಪ್ರಶ್ನೆ ಹಿಡಿದುಕೊಂಡು ಒದ್ದಾಡ್ತಾರೆ. ನಿಜವಾಗಿ ಜೀವನದ ಮೇಲೆ ಪರಿಣಾಮ ಮಾಡೋದು ಎರಡನೇದು.

ಯಾಕೆ ಅಂತ ತಿಳಿಯೋಕೆ ಸೀಟ್ ಹಂಚಿಕೆ ಹೇಗೆ ನಡೀತದೆ ಅಂತ ಗೊತ್ತಿರಬೇಕು. ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತಗೊಳ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಲಿಸ್ಟ್‌ನ ಮೊದಲನೇ ಆಪ್ಷನ್ ನೋಡ್ತದೆ. ನಿಮಗೆ ಅರ್ಹತೆ ಇರೋ ಕೋಟಾದಲ್ಲಿ ಸೀಟ್ ಇದೆಯಾ? ಇದ್ರೆ ಕೊಟ್ಟಾಯ್ತು. ಇಲ್ಲಾಂದ್ರೆ ಎರಡನೇದು, ಮೂರನೇದು, ಹೀಗೇ ಕೆಳಗೆ ಇಳೀತದೆ. ಎಲ್ಲಿ ಮೊದಲು ಸೀಟ್ ಸಿಗ್ತದೋ ಅಲ್ಲಿಗೆ ನಿಲ್ತದೆ.

ಇದರಿಂದ ಎರಡು ವಿಷಯ ತಾನಾಗೇ ಹೊರಡ್ತವೆ. ಒಂದು, ಸಿಗೋದೇ ಇಲ್ಲ ಅನಿಸೋ ಕಾಲೇಜನ್ನು ಮೇಲೆ ಬರೆದ್ರೆ ನಿಮಗೆ ನಷ್ಟ ಇಲ್ಲ. ‘ಮೊದಲನೇ ಆಪ್ಷನ್ ವೇಸ್ಟ್ ಆಗ್ತದೆ’ ಅಂತ ಸೈಬರ್ ಕೆಫೆಯಲ್ಲಿ ಹೇಳೋದನ್ನು ಕೇಳಿದ್ದೀನಿ, ಹಂಗೇನೂ ಇಲ್ಲ. ಸಿಗದಿದ್ರೆ ಕಂಪ್ಯೂಟರ್ ಮುಂದಿನ ಸಾಲಿಗೆ ಹೋಗ್ತದೆ, ಎರಡನೇ ಆಪ್ಷನ್‌ನಲ್ಲಿ ನಿಮ್ಮ ರ‍್ಯಾಂಕ್‌ನ ಬೆಲೆ ಅಷ್ಟೇ ಇರ್ತದೆ. ಹಾಗಾಗಿ ಮೇಲಿನ ಕ್ರಮದಲ್ಲಿ ಚಾಣಾಕ್ಷತನ ಬೇಡ, ನಿಜವಾದ ಇಷ್ಟ ಬರೀರಿ. ಎರಡು ಆಪ್ಷನ್‌ಗಳ ನಡುವೆ ಮೂರು ದಿನ ಒದ್ದಾಡ್ತಿದ್ದೀರಿ ಅಂದ್ರೆ, ಎರಡೂ ಹೆಚ್ಚು ಕಡಿಮೆ ಒಂದೇ ಅಂತ ಅರ್ಥ. ಯಾವುದು ಮೇಲೆ ಹೋದ್ರೂ ಅಷ್ಟೇನೂ ಕಳಕೊಳ್ಳಲ್ಲ.

ಎರಡನೇದು ಇದಕ್ಕಿಂತ ಮುಖ್ಯ. ಲಿಸ್ಟ್‌ನಲ್ಲಿ ಬರೆದದ್ದು ಯಾವುದೇ ಆಗಲಿ, ಅದು ನಿಮಗೆ ಸಿಗಬಹುದು. ‘ಇರಲಿ ಬಿಡು, ಸೇಫ್ಟಿಗೆ’ ಅಂತ ಕೆಳಗೆ ತುಂಬಿದ ಇಪ್ಪತ್ತು ಕಾಲೇಜಿನಲ್ಲಿ ಒಂದು ನಿಮ್ಮ ನಾಲ್ಕು ವರ್ಷ ಆಗಬಹುದು. ಅಂದ್ರೆ ಲಿಸ್ಟ್‌ನ ಕೊನೆಯ ಸಾಲೇ ನಿಮ್ಮ ‘ಸಾಕು’ ಗೆರೆ. ಅದರ ಮೇಲಿನದು ಏನು ಸಿಕ್ಕರೂ ಹೋಗ್ತೀನಿ, ಅದರ ಕೆಳಗಿನದಕ್ಕೆ ಹೋಗೋದಕ್ಕಿಂತ ಬಿಎಸ್ಸಿಯೋ ಡಿಪ್ಲೊಮಾನೋ ವಾಸಿ. ಆ ಗೆರೆ ಎಲ್ಲಿ ಎಳೀಬೇಕು ಅನ್ನೋದಕ್ಕೆ ನಿಮ್ಮ ಹತ್ತು ದಿನದಲ್ಲಿ ಎಂಟು ದಿನ ಕೊಡ್ರಿ.

ನಮ್ಮ ಹುಡುಗಿ ಗೆರೆ ಹೇಗೆ ಎಳೀಬಹುದು? ಮೂರೇ ಶರತ್ತು. ಮೂರಕ್ಕಿಂತ ಜಾಸ್ತಿ ಹಾಕಿದ್ರೆ ಮತ್ತೆ ಅದೇ ಗೊಂದಲ.

ಮೊದಲನೇದು ದುಡ್ಡು. ಫೀ ಒಂದೇ ಅಲ್ಲ, ಹಾಸ್ಟೆಲ್, ಊಟ, ಓಡಾಟ ಎಲ್ಲಾ ಸೇರಿ ವರ್ಷಕ್ಕೆ ಎಷ್ಟು. ಅಪ್ಪನ ಜೊತೆ ಕೂತು ಒಂದು ಸಂಖ್ಯೆ ಬರೀಬೇಕು. ಉದಾಹರಣೆಗೆ ವರ್ಷಕ್ಕೆ ಒಂದೂವರೆ ಲಕ್ಷ ಅಂತ ಇಟ್ಟುಕೊಳ್ಳೋಣ. ಅದಕ್ಕಿಂತ ಮೇಲೆ ಹೋಗೋ ಆಪ್ಷನ್ ಎಷ್ಟು ಚಂದ ಇದ್ರೂ ಹೊರಗೆ. ಹೊಲ ಮಾರಿ ಆದ್ರೂ ಓದಿಸ್ತೀನಿ ಅಂತ ಅಪ್ಪ ಅಂದ್ರೆ, ಆ ಮಾತು ಬಾಯಿಂದ ಬಂದದ್ದಾ ಲೆಕ್ಕದಿಂದ ಬಂದದ್ದಾ ಅಂತ ಅವತ್ತೇ ಕೇಳಬೇಕು. ಎರಡನೇ ವರ್ಷದಲ್ಲಿ ಕೇಳೋಕೆ ಆಗಲ್ಲ.

ಎರಡನೇದು ಬ್ರಾಂಚ್. ‘ಯಾವುದು ಬೆಸ್ಟ್’ ಅಂತ ಬೇಡ. ‘ಯಾವುದನ್ನು ನಾಲ್ಕು ವರ್ಷ ಓದೋಕೆ ನನಗೆ ಆಗಲ್ಲ’ ಅಂತ ಕೇಳ್ರಿ, ಉತ್ತರ ಬೇಗ ಬರ್ತದೆ. ಅವಳಿಗೆ ಕಂಪ್ಯೂಟರ್, ಇನ್ಫರ್ಮೇಷನ್ ಸೈನ್ಸ್, ಎಲೆಕ್ಟ್ರಾನಿಕ್ಸ್ ನಡೀತದೆ, ಸಿವಿಲ್ ಆಗಲ್ಲ ಅನ್ಕೊಳ್ಳಿ. ಸರಿ, ಸಿವಿಲ್ ಹೊರಗೆ, ಮುಗೀತು.

ಮೂರನೇದು ಕಾಲೇಜಿನ ಒಳಗಿನ ಸ್ಥಿತಿ. ಇದಕ್ಕೆ ವೆಬ್‌ಸೈಟ್, ಬ್ರೋಷರ್ ನೋಡಬೇಡಿ. ಅಲ್ಲಿ ಎಲ್ಲಾ ಕಾಲೇಜಿನಲ್ಲೂ ಹುಲ್ಲು ಹಸಿರಾಗೇ ಇರ್ತದೆ. ಅದೇ ಬ್ರಾಂಚ್‌ನ ಮೂರನೇ ವರ್ಷದ ಒಬ್ಬ ವಿದ್ಯಾರ್ಥಿಗೆ ಫೋನ್ ಮಾಡಿ. ನಮ್ಮ ಕಡೆ ಯಾರಾದ್ರೂ ಒಬ್ಬರು ಸಿಕ್ಕೇ ಸಿಗ್ತಾರೆ. ಮೂರು ಪ್ರಶ್ನೆ ಸಾಕು: ಹೋದ ವಾರ ಎಷ್ಟು ಕ್ಲಾಸ್ ನಿಜವಾಗಿ ನಡೆದವು? ನಿಮ್ಮ ಸೀನಿಯರ್ ಬ್ಯಾಚ್‌ನಲ್ಲಿ ನಿನಗೆ ಹೆಸರು ಗೊತ್ತಿರೋ ಹತ್ತು ಜನ ಈಗ ಎಲ್ಲಿದ್ದಾರೆ? ರಸೀದಿಯಲ್ಲಿ ಇಲ್ಲದ ದುಡ್ಡು ಏನೇನು ಕೇಳ್ತಾರೆ? ಎರಡನೇ ಪ್ರಶ್ನೆ ಬಹಳ ಮುಖ್ಯ. ‘ಪ್ಲೇಸ್‌ಮೆಂಟ್ ಹೆಂಗಿದೆ?’ ಅಂತ ಕೇಳಿದ್ರೆ ಎಲ್ಲರೂ ‘ಚೆನ್ನಾಗಿದೆ’ ಅಂತಾರೆ. ಹತ್ತು ಹೆಸರು ಎಣಿಸೋಕೆ ಹೇಳಿದ್ರೆ ನಿಜ ಹೊರಗೆ ಬರ್ತದೆ.

ಇಲ್ಲಿ ಬೀದರ್ ಜಿಲ್ಲೆಯವರಿಗೆ ಒಂದು ಮಾತು, ಯಾಕಂದ್ರೆ ಇದು ಗೆರೆಯನ್ನೇ ಬದಲಿಸ್ತದೆ. ಸಂವಿಧಾನದ 371(ಜೆ) ವಿಧಿ. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಬಂದದ್ದು. ಇದರ ಪ್ರಕಾರ ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳ ಸೀಟ್‌ನಲ್ಲಿ ಶೇ 70 ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ ಶೇ 8. ಅಂದ್ರೆ ನಿಮ್ಮ ರ‍್ಯಾಂಕ್‌ಗೆ ಏನು ಸಿಗಬಹುದು ಅಂತ ನೋಡುವಾಗ ಸಾಮಾನ್ಯ ಕಟ್‌ಆಫ್ ನೋಡಿ ಎದೆ ಒಡ್ಕೋಬೇಡಿ, ಕಲ್ಯಾಣ ಕರ್ನಾಟಕ ಕೋಟಾದ ಕಟ್‌ಆಫ್ ನೋಡಬೇಕು. ಆದರೆ ಇದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು, ಅದನ್ನು ಕೊಡೋದು ಸಹಾಯಕ ಆಯುಕ್ತರು. ಹುಮನಾಬಾದಿನವರು ಅದಕ್ಕೆ ಬಸವಕಲ್ಯಾಣದ ಎಸಿ ಕಚೇರಿ ನೋಡಬೇಕು. ಆ ಕಾಗದ ಇಲ್ಲದೆ ಆ ಕೋಟಾ ಸಿಗಲ್ಲ. ಯಾವ ಕಾಲೇಜು ಅಂತ ತಿಂಗಳುಗಟ್ಟಲೆ ಯೋಚನೆ ಮಾಡಿ, ಈ ಪ್ರಮಾಣಪತ್ರ ಮಾಡಿಸೋದು ಮರೆಯೋರು ಇದ್ದಾರೆ. ಯೋಚನೆ ಮಾಡೋದು ಕೆಲಸ ಮಾಡಿದಂಗೆ ಅನಿಸ್ತದೆ, ಅದೇ ಅದರ ಮೋಸ.

ಮುಂದೆ ಹೋಗೋಣ. ಹುಡುಗಿ ಲಿಸ್ಟ್ ಹಾಕಿದಳು, ಇಪ್ಪತ್ತು ಆಪ್ಷನ್. ಮೇಲೆ ಬೆಂಗಳೂರಿನ ದೊಡ್ಡ ಕಾಲೇಜುಗಳು, ನಡುವೆ ಬೆಂಗಳೂರಿನ ಎರಡನೇ ಸಾಲಿನವು ಮತ್ತು ಕಲಬುರಗಿ, ಕೆಳಗೆ ಬೀದರ್‌ನಲ್ಲಿ ಕಂಪ್ಯೂಟರ್ ಸೈನ್ಸ್. ಇಪ್ಪತ್ತನೇ ಸಾಲಿನ ಕೆಳಗೆ ಗೆರೆ. ಮೊದಲು ಅಣಕು ಹಂಚಿಕೆ ಬರ್ತದೆ, ಮಾಕ್ ಅಂತಾರಲ್ಲ. ಅದು ಬರೀ ಸೂಚನೆ. ಅದರಲ್ಲಿ ಹದಿನಾರನೇ ಆಪ್ಷನ್ ತೋರಿಸ್ತು ಅಂದ ಕೂಡಲೇ ಕೆಲವರು ಮೇಲಿನ ಹದಿನೈದನ್ನು ತೆಗೆದುಹಾಕ್ತಾರೆ, ‘ಸಿಗಲ್ಲ ಬಿಡು’ ಅಂತ. ತೆಗೀಬಾರದು. ಮಾಕ್ ಆದ್ಮೇಲೆ ಬೇರೆಯವರೂ ಲಿಸ್ಟ್ ಬದಲಿಸ್ತಾರೆ, ಲೆಕ್ಕ ಹಿಂದೆ ಮುಂದೆ ಆಗ್ತದೆ. ಮಾಕ್‌ನ ನಿಜವಾದ ಉಪಯೋಗ ಬೇರೆ. ಪರದೆ ಮೇಲೆ ಆ ಹದಿನಾರನೇ ಕಾಲೇಜಿನ ಹೆಸರು ನೋಡಿದಾಗ ಹೊಟ್ಟೆಯಲ್ಲಿ ಏನಾಯ್ತು? ‘ಸರಿ, ನಡೀತದೆ’ ಅನಿಸ್ತಾ, ‘ಅಯ್ಯೋ ದೇವರೇ’ ಅನಿಸ್ತಾ? ‘ಅಯ್ಯೋ’ ಅನಿಸಿದ್ರೆ ನಿಮ್ಮ ಗೆರೆ ತಪ್ಪು ಜಾಗದಲ್ಲಿದೆ. ಆಗ ಗೆರೆಯನ್ನು ಮೇಲೆ ತಗೊಂಡು ಬನ್ನಿ.

ಮೊದಲ ಸುತ್ತು. ಅವಳಿಗೆ ಹದಿನಾಲ್ಕನೇ ಆಪ್ಷನ್ ಸಿಕ್ತು. ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂತ ಇಟ್ಟುಕೊಳ್ಳಿ. ಈಗ ಪರದೆ ಮೇಲೆ ನಾಲ್ಕು ಚಾಯ್ಸ್.

ಚಾಯ್ಸ್ 1: ಈ ಸೀಟ್ ನನಗೆ ಒಪ್ಪಿಗೆ, ಫೀ ಕಟ್ಟಿ ಕಾಲೇಜಿಗೆ ಸೇರ್ತೀನಿ, ಮುಂದಿನ ಸುತ್ತು ಬೇಡ. ಚಾಯ್ಸ್ 2: ಇದು ಇರಲಿ, ಆದರೆ ಲಿಸ್ಟ್‌ನಲ್ಲಿ ಇದರ ಮೇಲಿನದು ಸಿಕ್ಕರೆ ಕೊಡಿ, ಸಿಗದಿದ್ರೆ ಇದೇ ನನ್ನದು. ಚಾಯ್ಸ್ 3: ಇದು ಬೇಡ, ಮುಂದಿನ ಸುತ್ತಿನಲ್ಲಿ ನೋಡ್ತೀನಿ. ಚಾಯ್ಸ್ 4: ಇದೂ ಬೇಡ, ಕೌನ್ಸೆಲಿಂಗೇ ಬೇಡ. ಫೀ ಯಾವಾಗ, ಎಷ್ಟು ಕಟ್ಟಬೇಕು, ಎಷ್ಟು ಸುತ್ತು ಅನ್ನೋದು ವರ್ಷದಿಂದ ವರ್ಷಕ್ಕೆ ಬದಲಾಗ್ತದೆ, ಹಾಗಾಗಿ ಆ ವರ್ಷದ ಕೆಇಎ ಸೂಚನೆಯನ್ನು ನೀವೇ ಓದಿ, ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಬೇಡಿ.

ಇಲ್ಲಿ ಜನ ಸಿಕ್ಕಿಹಾಕಿಕೊಳ್ಳೋದು ಚಾಯ್ಸ್ 2 ಮತ್ತು 3ರ ನಡುವೆ. ಚಾಯ್ಸ್ 3 ಒತ್ತೋದು ಬಹಳ ಸಲ ಸಿಟ್ಟಿನಿಂದ. ‘ನನ್ನ ರ‍್ಯಾಂಕ್‌ಗೆ ಇದಾ?’ ಅಂತ. ಆದರೆ ಆ ಸೀಟ್ ಲಿಸ್ಟ್‌ನಲ್ಲಿ ಇತ್ತು, ಅಂದ್ರೆ ನಿಮ್ಮದೇ ಗೆರೆಯ ಮೇಲೆ ಇತ್ತು. ಸಾಕು ಅಂತ ನೀವೇ ಬರೆದದ್ದನ್ನು ಬಿಟ್ಟು ಬರೀ ಕೈಯಲ್ಲಿ ನಿಲ್ಲೋಕೆ ಕಾರಣ ಏನು? ಲಿಸ್ಟ್ ಹಾಕಿದ ಮೇಲೆ ಹೊಸದಾಗಿ ಏನಾದ್ರೂ ಗೊತ್ತಾಗಿದ್ರೆ ಸರಿ, ಫೀ ವಿಷಯವೋ, ಮನೆಯ ಪರಿಸ್ಥಿತಿಯೋ. ಏನೂ ಬದಲಾಗಿಲ್ಲ ಅಂದ್ರೆ ಆ ಬಟನ್ ಒತ್ತೋಕೆ ಹೊರಟಿರೋದು ಬೇಜಾರು ಮಾತ್ರ.

ಚಾಯ್ಸ್ 2 ನನಗೆ ಬಹಳ ಇಷ್ಟ. ಕೈಯಲ್ಲಿ ಒಂದು ಹಿಡಿದುಕೊಂಡು ಮೇಲೆ ನೋಡೋದು. ಆದರೆ ಅದರೊಳಗೆ ಒಂದು ಮುಳ್ಳಿದೆ. ಮೇಲಿನ ಆಪ್ಷನ್ ಸಿಕ್ಕ ಕ್ಷಣ ಕೈಯಲ್ಲಿದ್ದದ್ದು ತಾನಾಗೇ ಹೋಗ್ತದೆ. ‘ಎರಡೂ ಇಟ್ಕೊಂಡು ಆಮೇಲೆ ನೋಡೋಣ’ ಅನ್ನೋದು ಇಲ್ಲ. ನಮ್ಮ ಹುಡುಗಿಯ ಹನ್ನೊಂದನೇ ಆಪ್ಷನ್ ಬೆಂಗಳೂರಿನ ಹೊರವಲಯದ ಒಂದು ಕಾಲೇಜು. ಅದನ್ನು ಬರೆಯುವಾಗ ಬೆಂಗಳೂರು ಅನ್ನೋ ಹೆಸರಿಗೆ ಮೇಲೆ ಹಾಕಿದ್ದಳು. ಈಗ ಕಲಬುರಗಿ ಸೀಟ್ ಕೈಯಲ್ಲಿ ಬಂದ ಮೇಲೆ, ಕಾಕಾನ ಮನೆ, ಊರಿಗೆ ರೈಲು, ಇದೆಲ್ಲಾ ನೋಡಿದ್ರೆ ಆ ಹನ್ನೊಂದನೇದು ನಿಜಕ್ಕೂ ಮೇಲಾ? ಅಲ್ಲ ಅನಿಸಿದ್ರೆ, ಮುಂದಿನ ಸುತ್ತಿಗೆ ಮೊದಲು ಆಪ್ಷನ್ ತಿದ್ದೋ ಅವಕಾಶ ಕೊಟ್ಟಾಗ ಅದನ್ನು ಅಳಿಸಬೇಕು. ಮೇಲೆ ಉಳಿದಿರೋ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದು ಸಿಕ್ಕು ಕೈಯಲ್ಲಿರೋದು ಹೋದ್ರೆ ನನಗೆ ಖುಷಿನಾ? ಹೌದು ಅನ್ನೋದು ಮಾತ್ರ ಉಳಿಯಲಿ. ಅಂಥದ್ದು ಒಂದೂ ಉಳೀಲಿಲ್ಲ ಅಂದ್ರೆ ಚಾಯ್ಸ್ 1 ಒತ್ತಿ ಬ್ಯಾಗ್ ಕಟ್ಟಿ.

ಈಗ ಸಿಇಟಿ ಬಿಟ್ಟು ಹೊರಗೆ ಬರೋಣ. ಹುಡುಗಿಯ ಪಾಡು ಒಂದು ಲೆಕ್ಕದಲ್ಲಿ ವಾಸಿ, ಯಾಕಂದ್ರೆ ಅವಳ ಮೇಲೆ ಗಡುವು ಇದೆ. ಇಂಥ ದಿನ ರಾತ್ರಿ ಲಿಂಕ್ ಮುಚ್ತದೆ ಅಂದ್ರೆ ಮುಚ್ತದೆ. ಕೌನ್ಸೆಲಿಂಗ್ ಇಲ್ಲದ ನಿರ್ಧಾರಗಳಲ್ಲಿ ಆ ಗಡುವು ಇರಲ್ಲ, ಅಲ್ಲೇ ಜನ ವರ್ಷಗಟ್ಟಲೆ ನಿಲ್ಲೋದು.

ಅವಳಿಗೆ ಒಬ್ಬ ಅಣ್ಣ ಇದ್ದಾನೆ ಅಂದ್ಕೊಳ್ಳಿ, ಬೆಂಗಳೂರಿನವನಲ್ಲ, ಬಸವಕಲ್ಯಾಣದಲ್ಲಿರೋ ದೊಡ್ಡಪ್ಪನ ಮಗ. ಡಿಗ್ರಿ ಆಗಿದೆ, ವಯಸ್ಸು 25. ಸರ್ಕಾರಿ ನೌಕರಿಗೆ ಓದ್ತಾನೆ. ಹೈದರಾಬಾದಿನಲ್ಲಿ ಗೆಳೆಯ ಒಂದು ಕೆಲಸ ಕೊಡಿಸ್ತೀನಿ ಅಂತಾನೆ. ಹೋಗೋದಾ, ಬೇಡ್ವಾ? ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ವಯಸ್ಸಿನ ಮಿತಿ ಸಾಮಾನ್ಯವಾಗಿ 35, ಹಿಂದುಳಿದ ಕೆಲವು ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಆಗಾಗ ಸಡಿಲಿಕೆನೂ ಕೊಡ್ತಾರೆ. ಈ ಮಿತಿ ಒಳ್ಳೇದಕ್ಕೇ ಇದೆ, ತಡವಾಗಿ ಶುರು ಮಾಡಿದವರಿಗೆ ಬೇಕು. ಆದರೆ 25ರ ಹುಡುಗನಿಗೆ ಅದು ಹತ್ತು ವರ್ಷ ದೂರದ ಗಡುವು. ‘ಇನ್ನೊಂದು ನೋಟಿಫಿಕೇಷನ್ ನೋಡೋಣ’ ಅನ್ನೋದಕ್ಕೆ ಕೊನೆನೇ ಇರಲ್ಲ. ಅವನು ಕೂತಿರೋದು ಚಾಯ್ಸ್ 3ರಲ್ಲಿ, ಮತ್ತೆ ಮತ್ತೆ, ಬಟನ್ ಒತ್ತದೇನೇ.

ಅವನಿಗೆ ಹೈದರಾಬಾದಿಗೆ ಹೋಗು ಅಂತಾಗಲೀ ಬೇಡ ಅಂತಾಗಲೀ ನಾನು ಹೇಳಲ್ಲ. ಗಡುವನ್ನು ಅವನೇ ಕಟ್ಟಿಕೊಳ್ಳಬೇಕು, ಅದೂ ದಿನಾಂಕದ ಜೊತೆ ಅಳತೆಯನ್ನೂ ಸೇರಿಸಿ. ‘ಇನ್ನೊಂದು ವರ್ಷ ಓದ್ತೀನಿ’ ಅಂದ್ರೆ ಅಳತೆ ಇಲ್ಲ. ‘ಮುಂದಿನ ಎರಡು ಪರೀಕ್ಷೆಯಲ್ಲಿ ನನ್ನ ವರ್ಗದ ಕಟ್‌ಆಫ್‌ಗೆ ಇಷ್ಟು ಅಂಕದ ಒಳಗೆ ಬಂದ್ರೆ ಮುಂದುವರಿಸ್ತೀನಿ, ಬರದಿದ್ರೆ ಕೆಲಸಕ್ಕೆ ಹೋಗಿ ಉಳಿದ ಸಮಯದಲ್ಲಿ ಓದ್ತೀನಿ’ ಅಂದ್ರೆ ಅದು ಅಳತೆ. ಹಿಂದಿನ ಪರೀಕ್ಷೆಯ ತನ್ನ ಅಂಕ ಮತ್ತು ಕಟ್‌ಆಫ್ ಪಕ್ಕಪಕ್ಕ ಬರೆದು ನೋಡಬೇಕು. ಅಂತರ ಪ್ರತಿ ಸಲ ಕಡಿಮೆ ಆಗ್ತಿದ್ರೆ ಒಂದು ಕಥೆ, ಮೂರು ವರ್ಷದಿಂದ ಅಷ್ಟೇ ಇದ್ರೆ ಬೇರೆ ಕಥೆ. ಎಷ್ಟೋ ಜನ ಆ ಎರಡು ಸಂಖ್ಯೆಯನ್ನು ಒಂದೇ ಕಾಗದದ ಮೇಲೆ ಬರೆಯೋಕೇ ಹೋಗಲ್ಲ.

ಇನ್ನೊಂದು ವಿಷಯ. ಕೆಲಸಕ್ಕೆ ಸೇರಿ ಓದೋದು ಚಾಯ್ಸ್ 2 ಥರ ಕಾಣ್ತದೆ, ಆದರೆ ಪೂರ್ತಿ ಅಲ್ಲ. ಕೆಇಎಯಲ್ಲಿ ಚಾಯ್ಸ್ 2 ಒತ್ತಿದ್ರೆ ಮೇಲಿನ ಸೀಟ್ ಸಿಗೋ ಸಂಭವ ಕಡಿಮೆ ಆಗಲ್ಲ. ಜೀವನದಲ್ಲಿ ಆಗ್ತದೆ. ಹತ್ತು ಗಂಟೆ ಕೆಲಸ ಮಾಡಿ ಬಂದು ಎಷ್ಟು ಓದೋಕೆ ಆಗ್ತದೆ? ಅದಕ್ಕೆ ಕೆಲಸ ಆರಿಸುವಾಗ ಸಂಬಳದ ಜೊತೆ ಶಿಫ್ಟ್ ಸಮಯನೂ ಶರತ್ತಿನಲ್ಲಿ ಇರಬೇಕು. ಸ್ವಲ್ಪ ಕಡಿಮೆ ಸಂಬಳ, ಆದರೆ ಸಂಜೆ ಆರಕ್ಕೆ ಬಿಡ್ತಾರೆ ಅನ್ನೋ ಕೆಲಸ ಅವನಿಗೆ ಮೇಲು ಆಗಬಹುದು.

‘ಅಲ್ಲಾ, ಸಾಕು ಅಂತ ನಿಲ್ಲಿಸಿದ್ರೆ ಒಳ್ಳೇದನ್ನು ಕಳಕೊಳ್ಳಲ್ವಾ?’ ಅಂತ ಕೇಳ್ತೀರಿ. ಕೆಲವು ಸಲ ಹೌದು, ಇದನ್ನು ಮುಚ್ಚಿಡಬಾರದು. 2006ರಲ್ಲಿ ಶೀನಾ ಅಯ್ಯಂಗಾರ್, ರೇಚಲ್ ವೆಲ್ಸ್, ಬ್ಯಾರಿ ಶ್ವಾರ್ಟ್ಸ್ ಅನ್ನೋ ಮೂವರು ಸಂಶೋಧಕರು ಅಮೆರಿಕದಲ್ಲಿ ಕೆಲಸ ಹುಡುಕ್ತಿದ್ದ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಎಲ್ಲದರಲ್ಲೂ ಅತ್ಯುತ್ತಮವೇ ಬೇಕು ಅನ್ನೋ ಸ್ವಭಾವದವರಿಗೆ ಸಿಕ್ಕ ಆರಂಭದ ಸಂಬಳ ಉಳಿದವರಿಗಿಂತ ಸುಮಾರು ಶೇ 20 ಜಾಸ್ತಿ ಇತ್ತು. ಆದರೆ ಸಿಕ್ಕ ಕೆಲಸದ ಬಗ್ಗೆ ಅವರಿಗೇ ತೃಪ್ತಿ ಕಡಿಮೆ, ಹುಡುಕುವಾಗ ಸಂಕಟ ಜಾಸ್ತಿ. ಹಾಗಾಗಿ ಮನೆಗೆ ದುಡ್ಡು ತುರ್ತಾಗಿ ಬೇಕು, ಸಂಬಳವೇ ಮುಖ್ಯ ಅಂದ್ರೆ ಇನ್ನಷ್ಟು ಹುಡುಕೋದು ತಪ್ಪಲ್ಲ. ಏನಕ್ಕೆ ಏನು ಕೊಡ್ತಿದ್ದೀವಿ ಅಂತ ಗೊತ್ತಿರಲಿ.

ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇನ್ನೊಂದು ವಿಚಿತ್ರ ಕೆಲಸ ಮಾಡಿದರು. ನಿರ್ಧಾರ ಮಾಡೋಕೆ ಆಗದೆ ಒದ್ದಾಡ್ತಿರೋರು ಒಂದು ವೆಬ್‌ಸೈಟಿಗೆ ಬಂದು ನಾಣ್ಯ ಚಿಮ್ಮೋ ವ್ಯವಸ್ಥೆ. ಕೆಲಸ ಬಿಡಲಾ, ಸಂಬಂಧ ಮುರೀಲಾ, ಇಂಥವು. 20 ಸಾವಿರಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು, ಫಲಿತಾಂಶ 2021ರಲ್ಲಿ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಬಂತು. ದೊಡ್ಡ ವಿಷಯಗಳಲ್ಲಿ ನಾಣ್ಯ ‘ಬದಲಾಯಿಸು’ ಅಂದದ್ದಕ್ಕೆ ಬದಲಾಯಿಸಿದವರು ಆರು ತಿಂಗಳ ಮೇಲೆ ಹೆಚ್ಚು ಖುಷಿಯಾಗಿದ್ದರು. ತಾವಾಗಿ ಆ ವೆಬ್‌ಸೈಟಿಗೆ ಬಂದವರ ಲೆಕ್ಕ ಇದು, ಎಲ್ಲರಿಗೂ ಹಾಗೇ ಅನ್ವಯಿಸಲ್ಲ. ಆದರೂ ತಿಂಗಳುಗಟ್ಟಲೆ ಸಮ ಸಮ ಅನಿಸ್ತಾ ಇದ್ದ ತಕ್ಕಡಿಯಲ್ಲಿ, ಇದ್ದಲ್ಲೇ ಇರೋ ಕಡೆಗೆ ನಾವೇ ಬೆರಳು ಒತ್ತಿರ್ತೀವೇನೋ ಅನ್ನೋ ಅನುಮಾನ ನನಗೆ ಬರ್ತದೆ.

ಹಾಗಾದ್ರೆ ನಾನು ನಿಜವಾಗಿ ಯೋಚನೆ ಮಾಡ್ತಿದ್ದೀನಾ, ಸುಮ್ಮನೆ ಸಿಕ್ಕಿಹಾಕಿಕೊಂಡಿದ್ದೀನಾ ಅಂತ ತಿಳಿಯೋದು ಹೇಗೆ? ಹೋದ ಒಂದು ವಾರದಲ್ಲಿ ಗೊತ್ತಾದ ಹೊಸ ವಿಷಯ ಯಾವುದಾದ್ರೂ ನಿಮ್ಮ ಲಿಸ್ಟ್‌ನ ಕ್ರಮವನ್ನಾಗಲೀ ಗೆರೆಯನ್ನಾಗಲೀ ಬದಲಿಸ್ತಾ? ಬದಲಿಸಿದ್ರೆ ಹುಡುಕಾಟ ಇನ್ನೂ ಕೆಲಸ ಮಾಡ್ತಿದೆ, ಮುಂದುವರಿಸಿ. ಎಂಟನೇ ವಿಡಿಯೊ ನೋಡಿದ್ರೂ ಕ್ರಮ ಅದೇ ಇದೆ ಅಂದ್ರೆ ನೀವು ಹುಡುಕ್ತಿಲ್ಲ. ಯಾರಾದ್ರೂ ಬಂದು ‘ತಪ್ಪಾದ್ರೆ ನಾನು ಹೊಣೆ’ ಅಂತ ಹೇಳಲಿ ಅಂತ ಕಾಯ್ತಿದ್ದೀರಿ.

ನಮ್ಮ ಮನೆಗಳಲ್ಲಿ ಈ ಹೊಣೆ ವಿಷಯ ದೊಡ್ಡದು. ಹುಡುಗಿಗೆ ಕಾಲೇಜು ತಪ್ಪಾದೀತು ಅನ್ನೋದಕ್ಕಿಂತ, ತಪ್ಪಾದ್ರೆ ಮದುವೆ ಮನೆಯಲ್ಲಿ ಮಾಮಾ ‘ನಾ ಅವತ್ತೇ ಹೇಳಿದ್ನಿ’ ಅಂತಾರಲ್ಲ, ಆ ಭಯ ಜಾಸ್ತಿ. ಅದಕ್ಕೆ ನನ್ನ ಹತ್ತಿರ ಒಂದೇ ಉಪಾಯ ಇರೋದು. ಮೂರು ಶರತ್ತನ್ನು ಫಲಿತಾಂಶಕ್ಕೆ ಮೊದಲು, ಅಪ್ಪ ಅವ್ವನ ಎದುರು ಕಾಗದದ ಮೇಲೆ ಬರೆದು ದಿನಾಂಕ ಹಾಕೋದು. ‘ಅಪ್ಪಾ, ಈ ಮೂರೂ ಇದ್ದದ್ದು ಯಾವುದು ಸಿಕ್ಕರೂ ಹೋಗ್ತೀನ್ರಿ, ಆಮ್ಯಾಲ ಬ್ಯಾರೆದವ್ರ ಮಾತು ಕೇಳಿ ಬದಲಾಸೋದು ಬ್ಯಾಡ್ರಿ’ ಅಂತ ಹೇಳೋದು. ಸೀಟ್ ಸಿಕ್ಕ ಮೇಲೆ ಮಾತಾಡಿದ್ರೆ ಅದು ಜಗಳ ಆಗ್ತದೆ.

ಈ ಪದ್ಧತಿ ನಡೆಯದ ಜಾಗಗಳೂ ಇವೆ. ಮದುವೆ. ‘ಹುಡುಗ ಚೊಲೋ ಅದಾನ, ಸಾಕು, ಹ್ಞೂಂ ಅನ್ನು’ ಅಂತ ಒತ್ತಾಯ ಮಾಡುವಾಗ ‘ಸಾಕು’ ಅನ್ನೋದು ನಿಮ್ಮ ಗೆರೆ ಅಲ್ಲ, ಬೇರೆಯವರು ಎಳೆದ ಗೆರೆ. ಅಲ್ಲಿ ಸಮಯ ಕೇಳೋದು ನಿಮ್ಮ ಹಕ್ಕು. ಇನ್ನೊಂದು, ದೊಡ್ಡ ನಿರ್ಧಾರ ಇರಲಿ, ಏನು ಉಣ್ಣಲಿ, ಯಾವ ಅಂಗಿ ಹಾಕಲಿ ಅನ್ನೋದೂ ಆಗ್ತಿಲ್ಲ, ಎರಡು ವಾರದಿಂದ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದ್ರೆ ಲಿಸ್ಟ್ ಮಾಡೋದರಿಂದ ಸರಿಹೋಗಲ್ಲ. ಅದು ಖಿನ್ನತೆ ಇರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡು ಹತ್ತಲ್ಲ, ಕನ್ನಡದಲ್ಲೂ ಮಾತಾಡ್ತಾರೆ.

ಕೊನೆಗೆ ಒಂದು ಪ್ರಶ್ನೆ, ಇದನ್ನು ಕೇಳೋರು ಬಹಳ. ಸೇರಿದ ಮೇಲೆ ಇಷ್ಟ ಆಗದಿದ್ರೆ? ಕೆಲವು ಕಾಲೇಜಿನಲ್ಲಿ ಮೊದಲ ವರ್ಷದ ಅಂಕದ ಮೇಲೆ, ಸೀಟ್ ಖಾಲಿ ಇದ್ರೆ, ಬ್ರಾಂಚ್ ಬದಲಿಸೋ ಅವಕಾಶ ಇರ್ತದೆ. ಸೇರುವ ದಿನವೇ ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ. ಅದು ಬಿಟ್ಟರೆ ಮೊದಲ ಸೆಮಿಸ್ಟರ್ ಮುಗಿಯೋವರೆಗೆ ಬೇರೆ ಕಾಲೇಜಿಗೆ ಹೋದ ಗೆಳತಿಯ ಸ್ಟೇಟಸ್ ನೋಡಿ ಹೋಲಿಕೆ ಮಾಡ್ಕೋಬೇಡಿ, ಸೆಮಿಸ್ಟರ್ ಮುಗಿದ ಮೇಲೆ ಬೇಕಾದ್ರೆ ಕೂತು ಲೆಕ್ಕ ಹಾಕಿ. ಮತ್ತೆ ಎಸಿ ಕಚೇರಿಯ ಆ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲ ಅಂದ್ರೆ ನಾಳೆ ಬೆಳಗ್ಗೆ ಬಸವಕಲ್ಯಾಣದ ಬಸ್ ಹತ್ತಿ. ಹೋಗುವಾಗ ಶಾಲೆಯ ದಾಖಲೆ, ವಾಸದ ದಾಖಲೆ, ಎಲ್ಲದರ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ.

ಮುಂದಿನ ವಾರ ಸಿಗೋಣ್ರಿ.